ಹತ್ತು ನಿಮಿಷ ಕುದಿಸಿದ ಪಾಯಸ ತಿಂದೂ ವಾಂತಿ ಯಾಕೆ ಆಯಿತು?

ಓದುಗರ ಪ್ರಶ್ನೆ: ಮೇಡಂ, ನಮ್ಮೂರು ಸಕಲೇಶಪುರದ ಹತ್ತಿರ. ಕಳೆದ ತಿಂಗಳು ತಮ್ಮನ ಮನೆ ಗೃಹಪ್ರವೇಶ ಇತ್ತು. ಅಡುಗೆಯವರು ಬೆಳಿಗ್ಗೆ 11ಕ್ಕೆಲ್ಲ ಶಾವಿಗೆ ಪಾಯಸ ಇಳಿಸಿದ್ದರು. ಮಧ್ಯಾಹ್ನ ಉಂಡವರಿಗೆ ಯಾರಿಗೂ ಏನೂ ಆಗಲಿಲ್ಲ. ಮೂರು ಗಂಟೆಗೆ ಪಂಕ್ತಿ ಮುಗಿದ ಮೇಲೆ ಬಡಿಸುವ ಬಕೆಟ್ಟುಗಳಲ್ಲಿ ಉಳಿದದ್ದನ್ನೂ ದೊಡ್ಡ ಪಾತ್ರೆಗೇ ಸುರಿದು, ಮುಚ್ಚಿ, ಅಡುಗೆ ಶೆಡ್ಡಿನಲ್ಲೇ ಇಟ್ಟೆವು. ರಾತ್ರಿ 9ಕ್ಕೆ ನಾನೇ ಹತ್ತು ನಿಮಿಷ ಚೆನ್ನಾಗಿ ಕುದಿಸಿ ಬಡಿಸಿದೆ. ಮನೆಯಲ್ಲಿದ್ದ ಒಂಬತ್ತು ಜನರಲ್ಲಿ ಆರು ಜನ ತಿಂದರು. ರಾತ್ರಿ 12ರ ಸುಮಾರಿಗೆ ಐದು ಜನಕ್ಕೆ ಒಬ್ಬರಾದ ಮೇಲೆ ಒಬ್ಬರಿಗೆ ವಾಂತಿ. ತಿನ್ನದ ಮೂವರು ಆರಾಮಾಗಿದ್ದರು. ಪಾಯಸ ಒಡೆದಿರಲಿಲ್ಲ, ವಾಸನೆ ಇರಲಿಲ್ಲ. ಹಲ್ಲಿ ಬಿದ್ದಿರಬೇಕು ಅಂತ ಅತ್ತೆ ಹೇಳುತ್ತಾರೆ. ಉಳಿದದ್ದನ್ನು ಹಾಸನದ ಒಂದು ಲ್ಯಾಬಿಗೆ ಕೊಟ್ಟರೆ ಸ್ಟೆಫಿಲೊಕಾಕಸ್ ಗ್ರಾಂಗೆ 10ಕ್ಕಿಂತ ಕಡಿಮೆ, ಅಂದರೆ ಇಲ್ಲ ಅಂತ ರಿಪೋರ್ಟ್ ಬಂತು. ಹಾಗಾದರೆ ಪಾಯಸದ ತಪ್ಪಲ್ವಾ? ಅಡುಗೆಯವರ ಜೊತೆ ಬಂದಿದ್ದ ಹುಡುಗನ ಬೆರಳಿಗೆ ಗಾಯದ ಪಟ್ಟಿ ಇತ್ತು, ಗೋಡಂಬಿ ದ್ರಾಕ್ಷಿಯನ್ನು ಕೈಯಲ್ಲೇ ಹಾಕಿದ್ದ. ಅವನಿಂದಲೇ ಆಯಿತಾ? ಒಂದು ಡಬ್ಬಿ ಪಾಯಸ ಇನ್ನೂ ಫ್ರೀಜರಿನಲ್ಲಿದೆ, ಅದನ್ನೇನು ಮಾಡಲಿ?

ಉತ್ತರ: ನನ್ನ ಅನುಮಾನ ಪಾಯಸದ ಮೇಲೆಯೇ ಇದೆ. ಲ್ಯಾಬಿನ ರಿಪೋರ್ಟ್ ನೋಡಿದ ಮೇಲೂ ಆ ಅನುಮಾನ ಕಡಿಮೆಯಾಗಿಲ್ಲ. ಆ ರಿಪೋರ್ಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಲ್ಯಾಬಿನವರು ಜೀವಂತ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಎಣಿಸಿದ್ದಾರೆ. ಇರಲಿಲ್ಲ, ಇಲ್ಲ ಅಂತ ಬರೆದಿದ್ದಾರೆ. ಇರುವುದಾದರೂ ಹೇಗೆ? ರಾತ್ರಿ 9ಕ್ಕೆ ನೀವೇ ಅವನ್ನೆಲ್ಲ ಕುದಿಸಿ ಕೊಂದಿದ್ದಿರಿ. ನಿಮ್ಮ ಮನೆಯವರಿಗೆ ವಾಂತಿ ಮಾಡಿಸಿದ್ದು ಆ ಬ್ಯಾಕ್ಟೀರಿಯಾ ಅಲ್ಲ. ಸಾಯುವ ಮೊದಲು ಅದು ಪಾಯಸದೊಳಗೆ ಬಿಟ್ಟುಹೋದ ವಿಷ. ಅದನ್ನು ಹುಡುಕುವ ಪರೀಕ್ಷೆಯೇ ಬೇರೆ.

ಮೊದಲು ಹಲ್ಲಿಯ ವಿಷಯ ಮುಗಿಸಿಬಿಡೋಣ. ಮದುವೆ ಮನೆಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಯಾರಿಗಾದರೂ ವಾಂತಿಯಾದರೆ ಮೊದಲು ಹೆಸರು ಬರುವುದು ಹಲ್ಲಿಯದ್ದೇ. ನಮ್ಮ ಗೋಡೆ ಮೇಲೆ ಓಡಾಡುವ ಹಲ್ಲಿಗೆ ವಿಷ ಇಲ್ಲ. ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಅದು ನಿಜ. ಆದರೆ ಸಾಲ್ಮೊನೆಲ್ಲಾ ಹತ್ತು ನಿಮಿಷದ ಕುದಿಗೆ ಉಳಿಯುವುದಿಲ್ಲ. ಅದರಿಂದ ಕಾಯಿಲೆ ಬಂದರೂ ಸಾಮಾನ್ಯವಾಗಿ ಆರು ಗಂಟೆಯ ಮೇಲೆ, ಎಷ್ಟೋ ಸಲ ಮಾರನೇ ದಿನ ಬರುತ್ತದೆ. ಜ್ವರವೂ ಇರುತ್ತದೆ. ನಿಮ್ಮ ಮನೆಯಲ್ಲಿ ತಿಂದ ಮೂರು ಗಂಟೆಗೇ ಐದು ಜನಕ್ಕೆ ವಾಂತಿ ಶುರುವಾಗಿದೆ. ಅಷ್ಟು ಬೇಗ ಹೀಗಾಗಬೇಕಾದರೆ ಆಹಾರದಲ್ಲಿ ವಿಷ ಮೊದಲೇ ತಯಾರಾಗಿರಬೇಕು. ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಿ, ಅಲ್ಲಿ ಬೆಳೆದು, ಆಮೇಲೆ ತೊಂದರೆ ಕೊಡುವುದಕ್ಕೆ ಮೂರು ಗಂಟೆ ಸಾಲದು.

ಇಷ್ಟು ಬೇಗ ವಾಂತಿ ಮಾಡಿಸುವ ಇನ್ನೊಂದು ಕಾರಣವನ್ನೂ ನಾನು ಯೋಚಿಸಿದೆ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆ. ಅದರಲ್ಲಿ ಹುಳಿ ಪದಾರ್ಥ ಇಟ್ಟರೆ ತಾಮ್ರ ಬಿಟ್ಟುಕೊಂಡು ಒಂದು ಗಂಟೆಯೊಳಗೇ ವಾಂತಿ ಬರಿಸುತ್ತದೆ. ಆದರೆ ಪಾಯಸ ಹುಳಿ ಅಲ್ಲ. ಅದೇ ಪಾತ್ರೆಯಿಂದ ಮಧ್ಯಾಹ್ನ ತಿಂದವರಿಗೆ ಏನೂ ಆಗಿಲ್ಲ. ಹಾಗಾಗಿ ಅದನ್ನು ಬಿಟ್ಟೆ.

ಮಧ್ಯಾಹ್ನದವರಿಗೆ ಏನೂ ಆಗಲಿಲ್ಲ, ರಾತ್ರಿಯವರಿಗೆ ಆಯಿತು ಅನ್ನುವುದೇ ಇಲ್ಲಿ ದೊಡ್ಡ ಸುಳಿವು. ಹಾಲು, ಶಾವಿಗೆ, ಸಕ್ಕರೆ, ಪಾತ್ರೆ ಎಲ್ಲವೂ ಎರಡು ಹೊತ್ತಿಗೂ ಒಂದೇ. ಬೇರೆಯಾಗಿದ್ದು ನಡುವಿನ ಸಮಯ ಮಾತ್ರ. ಆ ಸಮಯದಲ್ಲಿ ಪಾತ್ರೆಯೊಳಗೆ ಏನು ನಡೆದಿರಬಹುದು ಅಂತ ಗಂಟೆ ಗಂಟೆಯಾಗಿ ನೋಡೋಣ.

ಹನ್ನೊಂದಕ್ಕೆ ಇಳಿಸಿದ ಪಾಯಸ ಕುದಿ ಬಂದದ್ದು. ಹಾಲಿನಲ್ಲಿ ಮೊದಲಿದ್ದ ಬ್ಯಾಕ್ಟೀರಿಯಾಗಳು ಹೆಚ್ಚು ಕಡಿಮೆ ಎಲ್ಲವೂ ಸತ್ತಿವೆ. ಕೇಳುವುದಕ್ಕೆ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಅದರಲ್ಲಿ ಒಂದು ತೊಂದರೆಯೂ ಇದೆ. ಸ್ಟೆಫಿಲೊಕಾಕಸ್ ಆರಿಯಸ್ (ಇನ್ನು ಮುಂದೆ ಬರೀ ಸ್ಟ್ಯಾಫ್ ಅನ್ನುತ್ತೇನೆ) ಪೈಪೋಟಿಯಲ್ಲಿ ಸೋಲುವ ಜಾತಿ. ಹಸಿ ಹಾಲಿನಲ್ಲಿ, ಮೊಸರಿನಲ್ಲಿ, ದೋಸೆ ಹಿಟ್ಟಿನಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಅದನ್ನು ಅಷ್ಟು ಸುಲಭವಾಗಿ ಬೆಳೆಯಲು ಬಿಡುವುದಿಲ್ಲ. ಚೆನ್ನಾಗಿ ಬೇಯಿಸಿದ ಆಹಾರದಲ್ಲಿ ಅವು ಇರುವುದಿಲ್ಲ. ಬೇಯಿಸಿದ ಮೇಲೆ ಮನುಷ್ಯರ ಕೈಯಿಂದ ಸ್ವಲ್ಪ ಸ್ಟ್ಯಾಫ್ ಬಿದ್ದರೂ ಸಾಕು, ಇಡೀ ಪಾತ್ರೆ ಅದರದ್ದೇ. ಅದಕ್ಕೇ ಈ ಕಾಯಿಲೆ ಹಸಿ ಪದಾರ್ಥಕ್ಕಿಂತ, ಬೇಯಿಸಿ ಆಮೇಲೆ ಕೈ ತಾಗಿಸಿದ ಪದಾರ್ಥಗಳಲ್ಲಿ ಜಾಸ್ತಿ: ಖೋವಾ ನಾದಿ ಮಾಡಿದ ಸಿಹಿ, ಕ್ರೀಮ್ ಹಾಕಿದ ಕೇಕು, ಬೇಯಿಸಿ ಕೈಯಲ್ಲಿ ಬಿಡಿಸಿದ ಕೋಳಿ ಮಾಂಸ, ಪಾಯಸ.

ಈಗ ಆ ಹುಡುಗನ ವಿಷಯ. ಗೋಡಂಬಿ ದ್ರಾಕ್ಷಿಯನ್ನು ಅವನು ಕುದಿಯುವ ಪಾಯಸಕ್ಕೆ ಹಾಕಿದ್ದರೆ ಅದರಿಂದ ಏನೂ ಆಗಿರುವುದಿಲ್ಲ. ಅವನ ಕೈಯಿಂದ ಏನು ಬಿದ್ದರೂ ಆ ಬಿಸಿಗೆ ನಿಮಿಷದೊಳಗೆ ಸಾಯುತ್ತದೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೂ ಪಾಯಸ ಬಿಸಿಯಾಗಿಯೇ ಇತ್ತು, ಉಂಡವರು ಆರಾಮಾಗಿ ಹೋದರು. ನನಗೆ ಅನುಮಾನ ಇರುವುದು ಮೂರು ಗಂಟೆಯ ಬಕೆಟ್ಟುಗಳ ಮೇಲೆ. ಆ ಬಕೆಟ್ಟು ಪಂಕ್ತಿಯ ನಡುವೆ ಎರಡು ಗಂಟೆ ಓಡಾಡಿದೆ. ಬಡಿಸುವವರ ಕೈ ಅಂಚಿಗೆ ತಾಗಿದೆ, ಸೌಟು ಒಳಗೆ ಜಾರಿದೆ, ಅದನ್ನು ಯಾರೋ ಬೆರಳಲ್ಲಿ ಎತ್ತಿದ್ದಾರೆ. ಬೆವರು ಒರೆಸಿಕೊಂಡ ಕೈ, ಮೂಗು ಮುಟ್ಟಿಕೊಂಡ ಕೈ. ಆರೋಗ್ಯವಾಗಿರುವ ನಾಲ್ಕೈದು ಜನರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫ್ ಯಾವಾಗಲೂ ಇರುತ್ತದೆ. ನಿಮ್ಮ ಮೂಗಿನಲ್ಲಿರಬಹುದು, ನನ್ನ ಮೂಗಿನಲ್ಲಿರಬಹುದು. ಕೀವು ತುಂಬಿದ ಗಾಯದಲ್ಲಿ ಇನ್ನೂ ಜಾಸ್ತಿ ಇರುತ್ತದೆ ಅನ್ನುವುದು ನಿಜ. ಆ ಹುಡುಗ ಬಡಿಸುವುದಕ್ಕೂ ನಿಂತಿದ್ದರೆ ಅವನೂ ಒಂದು ಸಾಧ್ಯತೆ. ಆದರೆ ಅವನ ಗಾಯದಿಂದ ತೆಗೆದ ಸ್ಟ್ಯಾಫ್ ಮತ್ತು ಪಾಯಸದಿಂದ ಬೆಳೆಸಿದ ಸ್ಟ್ಯಾಫ್ ಒಂದೇ ತಳಿಯದ್ದು ಅಂತ ಲ್ಯಾಬಿನಲ್ಲಿ ಹೋಲಿಸದೆ ಯಾರೂ ಹೀಗೆ ಬೆರಳು ತೋರಿಸುವಂತಿಲ್ಲ. ನಿಮ್ಮ ಪಾಯಸದಲ್ಲಿ ಹೋಲಿಸುವುದಕ್ಕೆ ಜೀವಂತ ಸ್ಟ್ಯಾಫೇ ಉಳಿದಿಲ್ಲ. ಹಾಗಾಗಿ ಅವನನ್ನು ಬೈಯುವುದಕ್ಕೆ ಆಧಾರ ಇಲ್ಲ.

ಮೂರು ಗಂಟೆಗೆ ಅರ್ಧ ಖಾಲಿಯಾದ ಪಾಯಸ ಕೈಗೆ ಬೆಚ್ಚಗೆ ಅನ್ನಿಸುವ ಹದಕ್ಕೆ ಬಂದಿರಬೇಕು. ಬಕೆಟ್ಟಿನ ಪಾಯಸ ಸುರಿದದ್ದರಿಂದ ಇನ್ನೂ ತಣಿದಿರಬೇಕು. ಸ್ಟ್ಯಾಫ್ ಸುಮಾರು 7 ಡಿಗ್ರಿಯಿಂದ 48 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಳೆಯುತ್ತದೆ. ನಮ್ಮ ಮೈಯಷ್ಟು ಬೆಚ್ಚಗಿದ್ದರೆ, ಅಂದರೆ 37ರ ಆಸುಪಾಸಿನಲ್ಲಿ, ಅದಕ್ಕೆ ಹಬ್ಬ. ಮುಚ್ಚಿದ ದೊಡ್ಡ ಪಾತ್ರೆ ತಣಿಯುವುದು ತುಂಬಾ ನಿಧಾನ. ಹೊರಗೆ ಸಕಲೇಶಪುರದ ಮಳೆ, ಚಳಿ ಇದ್ದರೂ ಪಾತ್ರೆಯ ನಡುವಿನ ಪಾಯಸಕ್ಕೆ ಅದು ತಿಳಿಯುವುದಿಲ್ಲ. 'ನಮ್ಮ ಮಲೆನಾಡಿನ ಚಳಿಗೆ ಅಡುಗೆ ಕೆಡಲ್ಲ' ಅಂತ ಹೇಳುವವರು ಒಂದು ಲೋಟದ ಲೆಕ್ಕ ಹಿಡಿದು ಹೇಳುತ್ತಾರೆ. ಹತ್ತಿಪ್ಪತ್ತು ಲೀಟರಿನ ಪಾತ್ರೆಗೆ ಆ ಲೆಕ್ಕ ನಡೆಯುವುದಿಲ್ಲ.

ಒಂದು ಅಂದಾಜು ಲೆಕ್ಕ ಹಾಕುತ್ತೇನೆ. ಮೂರು ಗಂಟೆಗೆ ಪ್ರತಿ ಗ್ರಾಂ ಪಾಯಸಕ್ಕೆ 500 ಸ್ಟ್ಯಾಫ್ ಸೇರಿತು ಅಂತ ಇಟ್ಟುಕೊಳ್ಳಿ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ಗಂಟೆ ಬೇಕು. ಆಮೇಲೆ ಬೆಚ್ಚಗಿನ ಹಾಲಿನಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ. ನಾಲ್ಕರಿಂದ ಒಂಬತ್ತರವರೆಗೆ ಐದು ಗಂಟೆ, ಅಂದರೆ ಹತ್ತು ಸಲ ಎರಡರಷ್ಟು. ಹತ್ತು ಸಲ ದುಪ್ಪಟ್ಟಾದರೆ ಸಾವಿರ ಪಟ್ಟು. 500 ಹೋಗಿ 5 ಲಕ್ಷ ಆಯಿತು. ಗ್ರಾಂಗೆ 1 ಲಕ್ಷ ದಾಟಿತು ಅಂದರೆ ಕಾಯಿಲೆ ತರುವಷ್ಟು ವಿಷ ಇರಬಹುದು ಅಂತ ನಮ್ಮ ಕ್ಷೇತ್ರದಲ್ಲಿ ಎಚ್ಚರ ವಹಿಸುತ್ತಾರೆ. ಅಂದರೆ ನೀವು ಗ್ಯಾಸ್ ಹಚ್ಚುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು.

ಆ ವಿಷದ ಹೆಸರು ಎಂಟೆರೊಟಾಕ್ಸಿನ್. ಅದೊಂದು ಸಣ್ಣ ಪ್ರೋಟೀನ್. ಪ್ರೋಟೀನ್ ಅಂದ ಮೇಲೆ ಬಿಸಿಗೆ ಹಾಳಾಗಬೇಕಲ್ಲ ಅಂತ ನೀವು ಕೇಳಬಹುದು. ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವುದು ಅದರ ಪ್ರೋಟೀನು ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ, ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಈ ವಿಷದ ಮಡಿಕೆ ಅದಕ್ಕಿಂತ ಬಹಳ ಗಟ್ಟಿ. ಅರ್ಧ ಗಂಟೆ ಕುದಿಸಿದರೂ ಅದರಲ್ಲಿ ಸಾಕಷ್ಟು ಭಾಗ ಕೆಲಸ ಮಾಡುವ ಸ್ಥಿತಿಯಲ್ಲೇ ಉಳಿಯುತ್ತದೆ. ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣ ಮಾಡುವ ರಸಗಳಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ. ಕರುಳಿಗೆ ಹೋಗಿ ಅಲ್ಲಿಂದ ಮೆದುಳಿನ ವಾಂತಿ ಕೇಂದ್ರಕ್ಕೆ ನರದ ಮೂಲಕ ಸುದ್ದಿ ಮುಟ್ಟಿಸುತ್ತದೆ. ಅದಕ್ಕೇ ಈ ಕಾಯಿಲೆಯಲ್ಲಿ ವಾಂತಿ ಮೊದಲು, ಭೇದಿ ಆಮೇಲೆ, ಜ್ವರ ಅಪರೂಪ.

ಎಷ್ಟು ವಿಷ ಬೇಕು ಅಂದರೆ ಆಶ್ಚರ್ಯ ಆಗುತ್ತದೆ. ಒಂದು ಗ್ರಾಂನ ಕೋಟಿಯಲ್ಲಿ ಒಂದು ಭಾಗ, ಕೆಲವರಿಗೆ ಅದಕ್ಕಿಂತಲೂ ಕಡಿಮೆ. ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಸ್ಟ್ಯಾಫ್ ಹಾಲನ್ನು ಬೇಗ ಹುಳಿ ಮಾಡುವುದೂ ಇಲ್ಲ. ಹಾಲು ಒಡೆಯುವುದು, ಹುಳಿ ವಾಸನೆ ಬರುವುದು ಬೇರೆ ಬ್ಯಾಕ್ಟೀರಿಯಾಗಳ ಕೆಲಸ. ಪಾಯಸ ಒಡೆದಿರಲಿಲ್ಲ ಅನ್ನುವ ನಿಮ್ಮ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ತಿಂದ ಆರು ಜನರಲ್ಲಿ ಒಬ್ಬರಿಗೆ ಏನೂ ಆಗಲಿಲ್ಲ ಅನ್ನುವುದೂ ವಿಚಿತ್ರವಲ್ಲ. ಎರಡು ಚಮಚ ತಿಂದಿರಬಹುದು, ಅಥವಾ ಅವರ ಮೈ ತಡೆದುಕೊಂಡಿರಬಹುದು.

ಕುಕ್ಕರಿನಲ್ಲಿ ಇಟ್ಟಿದ್ದರೆ ಆಗುತ್ತಿತ್ತಾ ಅಂತ ಈ ಮಾತು ಹೇಳಿದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಕುಕ್ಕರಿನ ಒಳಗೆ 120 ಡಿಗ್ರಿ ಹತ್ತಿರ ಬಿಸಿ ಆಗುತ್ತದೆ, ವಿಷ ಸ್ವಲ್ಪ ಕಡಿಮೆಯೂ ಆಗುತ್ತದೆ. ಆದರೆ ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲದೆ, ಉಳಿದದ್ದು ಸುರಕ್ಷಿತ ಅಂತ ಯಾರೂ ಹೇಳಲಾರರು. 1989ರಲ್ಲಿ ಅಮೆರಿಕದಲ್ಲಿ ಡಬ್ಬಿಯಲ್ಲಿ ಬಂದ ಅಣಬೆ ತಿಂದವರಿಗೆ ಇದೇ ವಿಷದಿಂದ ವಾಂತಿಯಾಗಿತ್ತು. ಡಬ್ಬಿಯ ಆಹಾರವನ್ನು ಕಾರ್ಖಾನೆಯಲ್ಲಿ ನಮ್ಮ ಕುಕ್ಕರಿನಷ್ಟೇ ಬಿಸಿಯಲ್ಲಿ ಬೇಯಿಸಿರುತ್ತಾರೆ.

ನಿಮ್ಮ ರಿಪೋರ್ಟಿಗೆ ಬರುವ ಮೊದಲು ಜಪಾನಿನ ಒಂದು ಘಟನೆ ಹೇಳಬೇಕು. ನಿಮ್ಮ ಶೆಡ್ಡಿನಲ್ಲಿ ನಡೆದದ್ದೇ ಅಲ್ಲಿ ಕಾರ್ಖಾನೆಯಲ್ಲಿ ನಡೆಯಿತು. 2000ದ ಮಾರ್ಚ್ 31ರಂದು ಹೊಕ್ಕೈಡೊ ದ್ವೀಪದಲ್ಲಿದ್ದ ಸ್ನೋ ಬ್ರಾಂಡ್ ಅನ್ನುವ ಹಾಲಿನ ಕಂಪನಿಯ ಕಾರ್ಖಾನೆಯಲ್ಲಿ ಸುಮಾರು ಮೂರು ಗಂಟೆ ಕರೆಂಟ್ ಹೋಯಿತು. ಹಾಲು ಯಂತ್ರದ ಸಾಲಿನಲ್ಲೇ ಬೆಚ್ಚಗೆ ನಿಂತಿತು, ಸ್ಟ್ಯಾಫ್ ಬೆಳೆಯಿತು. ಆಮೇಲೆ ಅದೇ ಹಾಲನ್ನು ಕಾಯಿಸಿ ಕೆನೆ ತೆಗೆದ ಹಾಲಿನ ಪುಡಿ ಮಾಡಿದರು. ಬಿಸಿಗೆ ಸ್ಟ್ಯಾಫ್ ಸತ್ತಿತು, ವಿಷ ಪುಡಿಯಲ್ಲೇ ಉಳಿಯಿತು. ಒಂದು ಭಾಗದ ಪುಡಿಯಲ್ಲಿ ಬ್ಯಾಕ್ಟೀರಿಯಾ ಎಣಿಕೆ ಮಿತಿಗಿಂತ ಜಾಸ್ತಿ ಬಂದಾಗ ಅವರು ಎಸೆಯಲಿಲ್ಲ. ಮತ್ತೆ ನೀರಿನಲ್ಲಿ ಕರಗಿಸಿ, ಮತ್ತೆ ಕಾಯಿಸಿ, ಹೊಸ ಪುಡಿ ಮಾಡಿದರು. ಈ ಸಲ ಎಣಿಕೆ ಪಾಸಾಯಿತು. ಆ ಪುಡಿ ಒಸಾಕಾದ ಕಾರ್ಖಾನೆಗೆ ಹೋಗಿ ಕಡಿಮೆ ಕೊಬ್ಬಿನ ಹಾಲಿಗೆ ಸೇರಿತು. ಜೂನ್ ಕೊನೆಯಲ್ಲಿ ವಾಂತಿ ಶುರುವಾಯಿತು. ಕೊನೆಗೆ ಲೆಕ್ಕ ಹಾಕಿದಾಗ 13,000ಕ್ಕೂ ಹೆಚ್ಚು ಜನ. ಮೊದಮೊದಲು ಎಲ್ಲರ ಕಣ್ಣು ಒಸಾಕಾ ಕಾರ್ಖಾನೆಯ ತೊಳೆಯದ ಒಂದು ವಾಲ್ವಿನ ಮೇಲಿತ್ತು. ಹಾಲಿನ ಪುಡಿಯಲ್ಲಿ ವಿಷವನ್ನೇ ಹುಡುಕಿದಾಗ ಹೊಕ್ಕೈಡೊದ ಆ ಕರೆಂಟ್ ಹೋದ ದಿನದವರೆಗೆ ದಾರಿ ಸಿಕ್ಕಿತು.

ಅಲ್ಲಿ ಪಾಸಾದ ಎಣಿಕೆ ಯಾವುದೋ, ನಿಮ್ಮ ಕೈಯಲ್ಲಿರುವ ರಿಪೋರ್ಟ್ ಕೂಡ ಅದೇ ಬಗೆಯದ್ದು. ಅದನ್ನು ಹೀಗೆ ಮಾಡುತ್ತಾರೆ. ಸ್ವಲ್ಪ ಪಾಯಸವನ್ನು ಶುದ್ಧ ದ್ರಾವಣದಲ್ಲಿ ಕಲಕಿ, ಹತ್ತು ಪಟ್ಟು, ನೂರು ಪಟ್ಟು ಹೀಗೆ ತೆಳುಮಾಡಿ, ಬೇರ್ಡ್-ಪಾರ್ಕರ್ ಅನ್ನುವ ಅಗರ್ ತಟ್ಟೆಯ ಮೇಲೆ ಸವರುತ್ತಾರೆ. ಆ ಅಗರಿನಲ್ಲಿ ಮೊಟ್ಟೆಯ ಹಳದಿ ಮತ್ತು ಟೆಲ್ಯುರೈಟ್ ಅನ್ನುವ ಲವಣ ಇರುತ್ತದೆ. 37 ಡಿಗ್ರಿಯಲ್ಲಿ ಎರಡು ದಿನ ಇಟ್ಟರೆ ಸ್ಟ್ಯಾಫ್ ಇದ್ದಲ್ಲಿ ಹೊಳೆಯುವ ಕಪ್ಪು ಚುಕ್ಕೆಗಳು, ಸುತ್ತ ತಿಳಿಯಾದ ಒಂದು ಉಂಗುರ ಕಾಣಿಸುತ್ತದೆ. ಅವನ್ನು ಎತ್ತಿ ಮೊಲದ ರಕ್ತದ ಪ್ಲಾಸ್ಮಾದಲ್ಲಿ ಹಾಕುತ್ತಾರೆ. ಪ್ಲಾಸ್ಮಾ ಹೆಪ್ಪುಗಟ್ಟಿದರೆ ನಮಗೆ ಬೇಕಾದ ಸ್ಟ್ಯಾಫ್ ಅದೇ ಅಂತ ಖಚಿತ. ಒಳ್ಳೆಯ ಪರೀಕ್ಷೆ, ತಪ್ಪಿಲ್ಲ. ಆದರೆ ಸತ್ತ ಬ್ಯಾಕ್ಟೀರಿಯಾ ಚುಕ್ಕೆಯಾಗಿ ಬೆಳೆಯುವುದಿಲ್ಲ. ಕುದಿಸಿದ ಪಾಯಸಕ್ಕೆ ಈ ಪರೀಕ್ಷೆ ಮಾಡಿಸಿದರೆ 'ಇಲ್ಲ' ಅಂತಲೇ ಬರಬೇಕು. ಕುದಿಸುವ ಮೊದಲು, ರಾತ್ರಿ 8ಕ್ಕೆ ಒಂದು ಚಮಚ ತೆಗೆದಿಟ್ಟಿದ್ದರೆ ಎಣಿಕೆಯೇ ಮಾತಾಡುತ್ತಿತ್ತು.

ವಿಷವನ್ನೇ ಹುಡುಕುವುದಕ್ಕೆ ಲ್ಯಾಬು ಇನ್ನೂ ಜಾಸ್ತಿ ಕೆಲಸ ಮಾಡಬೇಕು. ಸಾಮಾನ್ಯವಾಗಿ 25 ಗ್ರಾಂ ಆಹಾರ ಬೇಕು. ಅದನ್ನು ನೀರಿನಲ್ಲಿ ಅರೆದು ಕಲಕಿ, ಹಾಲಿನ ಪದಾರ್ಥವಾದರೆ ಸ್ವಲ್ಪ ಆಮ್ಲ ಹಾಕಿ ಹಾಲಿನ ಪ್ರೋಟೀನನ್ನು ಕೆಳಗೆ ಕೂರಿಸುತ್ತಾರೆ. ಮೇಲಿನ ತಿಳಿಯನ್ನು ತೆಗೆದು, ಆಮ್ಲವನ್ನು ಸರಿಮಾಡಿ, ಸಣ್ಣ ರಂಧ್ರಗಳ ಒಂದು ಚೀಲಕ್ಕೆ ತುಂಬುತ್ತಾರೆ. ಹೊರಗೆ ಪಾಲಿಎಥಿಲಿನ್ ಗ್ಲೈಕಾಲ್ ಅನ್ನುವ, ನೀರು ಹೀರುವ ಪದಾರ್ಥ. ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟರೆ ನೀರು ಹೊರಗೆ ಹೋಗಿ, ವಿಷ ಇದ್ದರೆ ಒಳಗಿನ ನಾಲ್ಕೈದು ಮಿಲಿಲೀಟರಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಆಮೇಲೆ ಎಲಿಸಾ. ತಟ್ಟೆಯ ಗುಳಿಗಳಲ್ಲಿ ಆ ವಿಷವನ್ನೇ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ವಿಷ ಅಂಟಿಕೊಂಡರೆ ಬಣ್ಣ ಬರುತ್ತದೆ. ವಿಷ ತೀರಾ ಕಡಿಮೆ ಇದ್ದರೂ ಸಿಗಲಿ ಅಂತಲೇ ಆ ರಾತ್ರಿಯಿಡೀ ಗಟ್ಟಿ ಮಾಡುವ ಕೆಲಸ. ಆತುರದಲ್ಲಿ ಅದನ್ನು ಬಿಟ್ಟು ನೇರ ಎಲಿಸಾ ಮಾಡಿದರೆ ಇರುವ ವಿಷವೂ ತಪ್ಪಿಹೋಗಬಹುದು.

ಇಷ್ಟು ಮಾಡಿದ ಮೇಲೂ 'ಇಲ್ಲ' ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ. ಎರಡು ಕಾರಣ ನೆನಪಿಡಿ. ಒಂದು, ಕುದಿಸಿದಾಗ ವಿಷದ ಆಕಾರ ಸ್ವಲ್ಪ ಬದಲಾಗುತ್ತದೆ. ಕಿಟ್ಟಿನ ಪ್ರತಿಕಾಯ ಅದನ್ನು ಗುರುತು ಹಿಡಿಯದೆ ಹೋಗಬಹುದು, ಆದರೆ ಮನುಷ್ಯರಿಗೆ ವಾಂತಿ ಮಾಡಿಸುವ ಶಕ್ತಿ ಉಳಿದಿರಬಹುದು. ಇನ್ನೊಂದು, ಸ್ಟ್ಯಾಫಿನ ಎಂಟೆರೊಟಾಕ್ಸಿನುಗಳು ಹತ್ತಾರು ಬಗೆ. ಕಿಟ್ಟುಗಳು ಸಾಮಾನ್ಯವಾಗಿ ಹುಡುಕುವುದು ಎ, ಬಿ, ಸಿ, ಡಿ, ಇ ಅನ್ನುವ ಐದನ್ನು. ಜಾಸ್ತಿ ಘಟನೆಗಳಲ್ಲಿ ಸಿಗುವುದು 'ಎ', ಹಾಗಾಗಿ ಬಹಳ ಸಲ ಇದು ಸಾಕು. ಆದರೆ 2003ರಲ್ಲಿ ನಾರ್ವೆಯಲ್ಲಿ ಹಸಿ ಹಾಲು ಸೇರಿಸಿದ ಆಲೂಗಡ್ಡೆ ಪದಾರ್ಥದಿಂದಾದ ಘಟನೆಯಲ್ಲಿ ಸಿಕ್ಕಿದ್ದು 'ಎಚ್' ಬಗೆ. ಐದರ ಕಿಟ್ಟಿಗೆ ಅದು ಕಾಣುವುದಿಲ್ಲ.

ಪಿಸಿಆರ್ ಮಾಡಿಸಿ ಅಂತಲೂ ಯಾರಾದರೂ ಹೇಳಬಹುದು. ಸತ್ತ ಸ್ಟ್ಯಾಫಿನ ಡಿಎನ್‌ಎ ಪಾಯಸದಲ್ಲಿ ಉಳಿದಿದ್ದರೆ ಪಿಸಿಆರ್ ಅದನ್ನು ಹಿಡಿಯಬಲ್ಲದು. ವಿಷ ಮಾಡುವ ಜೀನ್ ಇತ್ತು ಅಂತ ಹೇಳುತ್ತದೆ. ವಿಷ ಮಾಡಿತ್ತಾ ಅಂತ ಹೇಳುವುದಿಲ್ಲ. ಪೂರಕ ಸಾಕ್ಷಿ ಅಷ್ಟೆ.

ಇನ್ನೊಂದು ಅನುಮಾನವನ್ನು ಬಿಡದೆ ಹೇಳಬೇಕು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ ಇದೆ. ಅದೂ ಆಹಾರದಲ್ಲಿ ವಿಷ ಬಿಡುತ್ತದೆ, ಆ ವಿಷವೂ ಕುದಿಗೆ ಜಗ್ಗುವುದಿಲ್ಲ, ವಾಂತಿಯೂ ಒಂದರಿಂದ ಐದಾರು ಗಂಟೆಯೊಳಗೇ ಬರುತ್ತದೆ. ಅದಕ್ಕೆ ಕೈ ತಾಗುವುದೂ ಬೇಕಿಲ್ಲ, ಅದರ ಬೀಜಾಣುಗಳು ಮೊದಲ ಕುದಿಯಲ್ಲೇ ಬದುಕಿ ಉಳಿಯುತ್ತವೆ. ಅನ್ನ, ಚಿತ್ರಾನ್ನ, ಪುಳಿಯೋಗರೆಯಂಥ ಪದಾರ್ಥವಾಗಿದ್ದರೆ ನಾನು ಮೊದಲು ಅದನ್ನೇ ಅನುಮಾನಿಸುತ್ತಿದ್ದೆ. ಹಾಲಿನ ಪಾಯಸ, ಕೈಯಾಡಿದ ಬಕೆಟ್ಟು ಅಂದಾಗ ಸ್ಟ್ಯಾಫ್ ಕಡೆಗೆ ವಾಲುತ್ತೇನೆ. ರೋಗಿಯನ್ನು ನೋಡಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಸ್ಟ್ಯಾಫಿನ ಕಿಟ್ಟಿಗೆ ಸೀರಿಯಸ್ ವಿಷ ಸಿಗುವುದೂ ಇಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ.

ಈಗ ಫ್ರೀಜರಿನ ಡಬ್ಬಿ. ನಿಮ್ಮ ಮುಂದೆ ಎರಡು ದಾರಿ ಇದೆ.

ಮೊದಲನೆಯದು, ಎಸೆಯುವುದು. ಇನ್ನೊಮ್ಮೆ ಕುದಿಸಿ ರುಚಿ ನೋಡುವ ಮನಸ್ಸು ಮಾಡಬೇಡಿ, ನಾಯಿಗೂ ಹಾಕಬೇಡಿ. ಫ್ರೀಜರ್ ಈ ವಿಷವನ್ನು ಹಾಳು ಮಾಡುವುದಿಲ್ಲ.

ಎರಡನೆಯದು, ವಿಷದ ಪರೀಕ್ಷೆ ಮಾಡಿಸುವುದು. ಹೆಪ್ಪುಗಟ್ಟಿಸಿ ಇಟ್ಟಿರುವುದರಿಂದ ಅದಕ್ಕೆ ಅಡ್ಡಿ ಇಲ್ಲ. ಮೊದಲು ಫೋನು ಮಾಡಿ 'ಸ್ಟೆಫಿಲೊಕಾಕಲ್ ಎಂಟೆರೊಟಾಕ್ಸಿನ್ ಪರೀಕ್ಷೆ ಮಾಡುತ್ತೀರಾ, ಎಣಿಕೆ ಅಲ್ಲ' ಅಂತ ಬಿಡಿಸಿ ಕೇಳಿ. ಎಲ್ಲ ಲ್ಯಾಬುಗಳಲ್ಲೂ ಇದು ಇರುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ನಮ್ಮ ಭಾಗಕ್ಕೆ ಹತ್ತಿರದ ದೊಡ್ಡ ಆಹಾರ ಪ್ರಯೋಗಾಲಯ, ಅಲ್ಲಿ ವಿಚಾರಿಸಿ. ಕರಗದ ಹಾಗೆ ಐಸ್ ಹಾಕಿದ ಪೆಟ್ಟಿಗೆಯಲ್ಲಿ ಒಯ್ಯಿರಿ. ಕುದಿಸಿದ್ದು, ಎಷ್ಟು ಹೊತ್ತು ಕುದಿಸಿದ್ದು ಅಂತ ಚೀಟಿಯಲ್ಲಿ ಬರೆದು ಕೊಡಿ. ಅದು ಗೊತ್ತಿದ್ದರೆ ಫಲಿತಾಂಶವನ್ನು ಹೇಗೆ ಓದಬೇಕು ಅಂತ ಅವರಿಗೆ ತಿಳಿಯುತ್ತದೆ.

ನನ್ನನ್ನು ಕೇಳಿದರೆ ಎಸೆಯಿರಿ ಅನ್ನುತ್ತೇನೆ. ಎಲ್ಲರೂ ಹುಷಾರಾಗಿದ್ದಾರೆ, ಫಲಿತಾಂಶದಿಂದ ಈಗ ಯಾರ ಚಿಕಿತ್ಸೆಯೂ ಬದಲಾಗುವುದಿಲ್ಲ. ಅಡುಗೆಯವರ ಮೇಲೆ ದೂರು ಕೊಡಲು ಈ ಡಬ್ಬಿ ನಿಲ್ಲುವುದೂ ಕಷ್ಟ. ಒಂದು ತಿಂಗಳು ನಿಮ್ಮ ಮನೆಯಲ್ಲೇ ಇದ್ದದ್ದು, ನೀವೇ ಕುದಿಸಿದ್ದು ಅಂತ ಅವರು ಹೇಳುತ್ತಾರೆ, ಅದು ಸರಿಯೂ ಹೌದು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಗ್ರಾಹಕರೇ ಆಹಾರವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು ಅವಕಾಶ ಇದೆ. ಆದರೆ ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು. ಗೃಹಪ್ರವೇಶದ ದಿನ ಯಾರು ತಾನೇ ಹಾಗೆ ಹೇಳುತ್ತಾರೆ?

ಹೀಗೆ ನಾಲ್ಕಾರು ಜನ ಒಟ್ಟಿಗೆ ಬಿದ್ದಾಗ ಕಾಯಬಾರದು. ಅದೇ ರಾತ್ರಿ ಅಥವಾ ಮಾರನೇ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಆಶಾ ಕಾರ್ಯಕರ್ತೆಗೋ ಹೇಳಿ. ಜಿಲ್ಲಾ ಕಣ್ಗಾವಲು ಘಟಕದವರಿಗೆ ಸುದ್ದಿ ಹೋದರೆ ಅವರು ಬಂದು ಯಾರು ಏನು ತಿಂದರು ಅಂತ ಪಟ್ಟಿ ಮಾಡಿ, ಮಾದರಿ ತೆಗೆದುಕೊಳ್ಳುತ್ತಾರೆ. ಅಷ್ಟರವರೆಗೆ ಉಳಿದ ಆಹಾರವನ್ನು ಮತ್ತೆ ಕಾಯಿಸದೆ, ಕುದಿನೀರಿನಲ್ಲಿ ತೊಳೆದ ಚಮಚದಿಂದ ಚೊಕ್ಕಟ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಕಾಲು ಕೆಜಿ ಇದ್ದರೆ ಒಳ್ಳೆಯದು. ಒಂದೇ ದಿನದೊಳಗೆ ಲ್ಯಾಬು ಸೇರುವುದಾದರೆ ಫ್ರೀಜರ್ ಬೇಡ, ಹೆಪ್ಪುಗಟ್ಟಿಸಿದರೆ ಎಣಿಕೆ ಮಾಡುವಾಗ ಜೀವಂತ ಬ್ಯಾಕ್ಟೀರಿಯಾ ಸ್ವಲ್ಪ ಕಡಿಮೆ ಸಿಗಬಹುದು.

ಕಾಯಿಲೆ ಬಂದವರಿಗೆ ಆ ರಾತ್ರಿ ಬೇಕಾದದ್ದು ನೀರು ಮತ್ತು ಓಆರ್‌ಎಸ್, ಗುಟುಕು ಗುಟುಕಾಗಿ. ಆ್ಯಂಟಿಬಯೋಟಿಕ್ ಕೊಟ್ಟರೆ ಉಪಯೋಗ ಇಲ್ಲ, ಕೊಲ್ಲುವುದಕ್ಕೆ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಒಂದು ದಿನದಲ್ಲಿ ಕಡಿಮೆಯಾಗುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು, ಬಸುರಿಯರು ಕುಡಿದದ್ದೆಲ್ಲ ಹೊರಗೆ ಹಾಕುತ್ತಿದ್ದರೆ, ಮೂತ್ರ ಕಡಿಮೆಯಾದರೆ, ತಲೆ ಸುತ್ತಿದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಜೋರು ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ, ಜ್ವರ ಇದ್ದರೆ ಅದು ಸ್ಟ್ಯಾಫ್ ಅಲ್ಲದೆ ಬೇರೆ ಏನೋ ಇರಬಹುದು.

ಮುಂದಿನ ಸಲ ಪಾತ್ರೆಯಲ್ಲಿ ಪಾಯಸ ಉಳಿದರೆ ಮಾಡಬೇಕಾದದ್ದು ಮೂರು ಗಂಟೆಗೆ, ಒಂಬತ್ತಕ್ಕಲ್ಲ. ಬಡಿಸುವ ಬಕೆಟ್ಟಿನಲ್ಲಿ ಉಳಿದದ್ದನ್ನು ಪಾತ್ರೆಗೆ ವಾಪಸ್ ಸುರಿಯಬೇಡಿ, ಚೆಲ್ಲಿ. ಪಾತ್ರೆಯಲ್ಲಿ ಮುಟ್ಟದೆ ಉಳಿದದ್ದನ್ನು ಆಗಲೇ ಒಮ್ಮೆ ಕುದಿ ಬರಿಸಿ, ಎರಡು ಮೂರು ಬೆರಳು ಆಳ ಬರುವಂತೆ ಅಗಲವಾದ ತಟ್ಟೆ, ಬೇಸಿನ್ನುಗಳಿಗೆ ಹಂಚಿ. ಬೇಸಿನ್ನುಗಳನ್ನು ತಣ್ಣೀರಿನಲ್ಲಿ ನಿಲ್ಲಿಸಿದರೆ ಬೇಗ ತಣಿಯುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ಜಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಬಿಸಿಯಾಗಿ ಇರುವಾಗಲೇ ಅಕ್ಕಪಕ್ಕದ ಮನೆಗಳಿಗೆ ಹಂಚಿ, ಇವತ್ತೇ ಸಂಜೆಯೊಳಗೆ ಮುಗಿಸಿ ಅಂತ ಹೇಳಿ ಕಳಿಸಿ. ಮಳೆಗಾಲದಲ್ಲಿ ನಿಮ್ಮ ಕಡೆ ರಾತ್ರಿಯಿಡೀ ಕರೆಂಟ್ ಹೋಗುವುದುಂಟು. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ ಬೆಳಿಗ್ಗೆ ಒಳಗಿನ ಹಾಲಿನ ಸಿಹಿಯನ್ನು ಕುದಿಸಿ ಉಳಿಸಿಕೊಳ್ಳಲು ಹೋಗಬೇಡಿ, ಚೆಲ್ಲಿಬಿಡಿ.